ನಡೆಯುತ್ತಲೇ ಕೊಯ್ದು ಒಕ್ಕುವ ಕಂಬೈನ್ ಯಂತ್ರವೂ ಅದರ ಹಿಂದೆ ಉಳಿಯುವ ಕಾಳೂ

ಪೈರನ್ನು ಕುಡುಗೋಲಿನಿಂದ ಕೊಯ್ಯುವುದು, ಹೊರೆ ಕಟ್ಟಿ ಕಣಕ್ಕೆ ಸಾಗಿಸುವುದು, ಬಡಿದೋ ಗುಂಡು ಹೊಡೆದೋ ಕಾಳನ್ನು ಬಿಡಿಸುವುದು, ಗಾಳಿಗೆ ತೂರಿ ಹೊಟ್ಟನ್ನು ಬೇರ್ಪಡಿಸುವುದು, ಇವನ್ನು ಬೇರೆ ಬೇರೆ ಕೆಲಸಗಳೆಂದೆಣಿಸುವುದು ನಮ್ಮ ಹಿಂದಿನವರಿಂದ ಬಂದ ವಾಡಿಕೆಯಷ್ಟೆ. ಇವೆಲ್ಲವನ್ನೂ ಹೊಲದಲ್ಲಿ ಚಲಿಸುತ್ತಲೇ ಮಾಡಿ ಮುಗಿಸುವ ಯಂತ್ರಕ್ಕೆ ಅಮೆರಿಕದ ಮಿಷಿಗನ್ ಪ್ರಾಂತದ ಹೈರಮ್ ಮೂರ್, ಜಾನ್ ಹಸ್ಕಾಲ್ ಎಂಬವರು 1836ರಲ್ಲಿಯೇ ಪೇಟೆಂಟು ಪಡೆದರು. ಆಗ ಅದನ್ನು ಕುದುರೆಗಳು ಎಳೆಯುತ್ತಿದ್ದುವು. ನೆಲದ ಮೇಲೆ ಉರುಳುವ ಗಾಲಿಯೇ ಒಳಗಿನ ಭಾಗಗಳನ್ನು ತಿರುಗಿಸುತ್ತಿತ್ತು. ಈಗ ಆ ಕೆಲಸವನ್ನು ಡೀಸೆಲ್ ಎಂಜಿನು ಮಾಡುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಸುಗ್ಗಿಯ ಕಾಲಕ್ಕೆ ಬಾಡಿಗೆಯ ಕಂಬೈನುಗಳು ಸಾಲಾಗಿ ಬಂದಿಳಿಯುವುದನ್ನು ವಾಚಕರು ನೋಡಿಯೇ ಇರುವರು. ಯಂತ್ರವನ್ನು ನಡೆಸತಕ್ಕವನು ಚಾಲಕನಾದರೂ, ಹಿಂದೆ ನೆಲಕ್ಕೆ ಬೀಳುವ ಕಾಳಿನ ನಷ್ಟವು ಗದ್ದೆಯ ಯಜಮಾನನದು. ಆದುದರಿಂದ ತೆನೆಯು ಯಂತ್ರದೊಳಗೆ ಹೋಗುವ ದಾರಿಯನ್ನು ಯಜಮಾನನೂ ಅರಿತಿರಬೇಕು.

ಯಂತ್ರದ ಮುಂಭಾಗದಲ್ಲಿ ನಿಧಾನವಾಗಿ ತಿರುಗುವ ದೊಡ್ಡ ಚಕ್ರವೊಂದುಂಟು. ಅದಕ್ಕೆ ರೀಲು ಎಂದು ಹೆಸರು. ಅದರ ಪಟ್ಟಿಗಳು ನಿಂತ ಪೈರನ್ನು ಮೆಲ್ಲನೆ ಹಿಂದಕ್ಕೆ ಬಾಗಿಸಿ ಅಲಗಿಗೆ ಒಡ್ಡುವುವು. ಅಲಗು ಎಂಬುದು ಒಂದೇ ಕತ್ತಿಯಲ್ಲ. ತ್ರಿಕೋನಾಕಾರದ ಹಲವು ಹಲ್ಲುಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ. ಅದು ಬೆರಳಿನಂತೆ ಚಾಚಿಕೊಂಡ ಕಬ್ಬಿಣದ ಕಾವಲುಗಳ ನಡುವೆ ಎಡಕ್ಕೂ ಬಲಕ್ಕೂ ಬೇಗಬೇಗನೆ ಸರಿದಾಡುತ್ತ ಕಾಂಡವನ್ನು ಕತ್ತರಿಸುವುದು. ರೀಲು ಯಂತ್ರದ ನಡಿಗೆಗಿಂತ ಸ್ವಲ್ಪ ಮಾತ್ರ ವೇಗವಾಗಿರಬೇಕು. ಬಹಳ ವೇಗವಾದರೆ ಮಾಗಿದ ತೆನೆಗೆ ಹೊಡೆತ ಬಿದ್ದು ಕಾಳು ಉದುರುವುದು. ನಿಧಾನವಾದರೆ ಕೊಯ್ದ ತೆನೆಯು ಒಳಗೆ ಬೀಳದೆ ಮುಂದಕ್ಕೆ ನೆಲದ ಮೇಲೆ ಒರಗುವುದು.

ಕೊಯ್ದ ಪೈರನ್ನು ತಿರುಪಿನಂತಹ ಉರುಳೆಯೊಂದು ಎರಡು ಕಡೆಗಳಿಂದಲೂ ನಡುವಿಗೆ ತಂದೊಪ್ಪಿಸುವುದು. ಅಲ್ಲಿಂದ ಸರಪಣಿಯ ಏಣಿಯು ಅದನ್ನು ಮೇಲಕ್ಕೆಳೆದು ಒಕ್ಕಣೆಯ ಉರುಳೆಗೆ ಕೊಡುವುದು. ಯಂತ್ರದ ಮುಖ್ಯ ಕೆಲಸವು ಇಲ್ಲಿ ನಡೆಯತಕ್ಕದ್ದು. ಭತ್ತಕ್ಕೆ ಸಾಮಾನ್ಯವಾಗಿ ಗೂಟದಂತಹ ಹಲ್ಲುಗಳುಳ್ಳ ಉರುಳೆಯನ್ನೂ ಗೋಧಿಗೆ ಗೀರುಗಳುಳ್ಳ ಪಟ್ಟಿಯ ಉರುಳೆಯನ್ನೂ ಬಳಸುವರು. ಅದರ ಕೆಳಗೆ ಕಮಾನಿನಂತೆ ಬಾಗಿದ ಕಬ್ಬಿಣದ ಜಾಲರಿಯಿರುವುದು. ಇವೆರಡರ ನಡುವಿನ ಸಂದಿಯಲ್ಲಿ ತೆನೆಯು ಬಡಿಸಿಕೊಂಡು ತಿಕ್ಕಿಸಿಕೊಂಡು ಕಾಳು ಬಿಡುವುದು. ಬಹುಪಾಲು ಕಾಳು ಇಲ್ಲಿಯೇ ಜಾಲರಿಯ ಮೂಲಕ ಕೆಳಗಿಳಿಯುವುದು. ಉರುಳೆಯ ವೇಗ ಹೆಚ್ಚಾದರೂ ಸಂದಿಯು ಕಿರಿದಾದರೂ ತೊಟ್ಟಿಯಲ್ಲಿ ಸುಲಿದ ಅಕ್ಕಿಯೂ ನುಚ್ಚೂ ಕಾಣುವುವು. ಇದಕ್ಕೆ ವ್ಯತಿರಿಕ್ತವಾದರೆ ಹುಲ್ಲಿನ ತೆನೆಯಲ್ಲಿ ಕಾಳು ಅಂಟಿಕೊಂಡೇ ಹೊರಬೀಳುವುದು.

ಒಕ್ಕಿದ ಹುಲ್ಲು ಅನಂತರ ಹಿಂಭಾಗದ ಕುಲುಕುವ ಮೆಟ್ಟಿಲುಗಳ ಮೇಲೆ ಹಾರಿಹಾರಿ ಸಾಗುವಾಗ ಅದರಲ್ಲಿ ಅಡಗಿದ್ದ ಕಾಳೂ ಕೆಳಗೆ ಬೀಳುವುದು. ಕೊನೆಯದು ಮೊರದ ಕೆಲಸ. ಒಂದರ ಕೆಳಗೊಂದು ಅಲುಗಾಡುವ ಎರಡು ಜರಡಿಗಳಿಗೆ ಬೀಸಣಿಗೆಯು ಕೆಳಗಿನಿಂದ ಗಾಳಿ ಹೊಡೆಯುವುದು. ಹಗುರವಾದ ಹೊಟ್ಟು, ಜಳ್ಳು ಹಾರಿ ಹಿಂದಕ್ಕೆ ಹೋಗುವುವು. ತೂಕವಾದ ಕಾಳು ಜರಡಿಯಿಳಿದು ತೊಟ್ಟಿಗೆ ಏರುವುದು. ಪೂರ್ತಿ ಬಿಡದ ತೆನೆಯ ಚೂರುಗಳು ಮತ್ತೆ ಉರುಳೆಗೆ ಹಿಂತಿರುಗುವುವು. ಹೆಂಗಸರು ಗಾಳಿಯ ದಿಕ್ಕು ನೋಡಿ ಕಾಯುವ ತೊಂದರೆ ಇದರಲ್ಲಿಲ್ಲವಾದರೂ, ಗಾಳಿಯ ಹದವನ್ನು ಅರಿಯಬೇಕಾದ ತೊಂದರೆ ತಪ್ಪಲಿಲ್ಲ.

ಹದ ತಪ್ಪಿದುದನ್ನು ಕಂಡುಹಿಡಿಯುವುದಕ್ಕೆ ಉಪಕರಣಗಳು ಬೇಕಿಲ್ಲ. ಒಳಗಡೆ ಸರಿಯಾಗಿ ಒಂದು ಅಡಿ ಉದ್ದ, ಒಂದು ಅಡಿ ಅಗಲವಿರುವ ಚೌಕಟ್ಟನ್ನು ಬಿದಿರಿನ ಕಡ್ಡಿಗಳಿಂದ ಮಾಡಿಕೊಂಡರೆ ಸಾಕು. ಸಾವಿರ ಕಾಳಿಗೆ ಸುಮಾರು 25 ಗ್ರಾಂ ತೂಗುವ ಮಧ್ಯಮ ಭತ್ತದಲ್ಲಿ, ಈ ಚೌಕಟ್ಟಿನೊಳಗೆ ಒಂದು ಕಾಳು ಬಿದ್ದಿದ್ದರೆ ಎಕರೆಗೆ ಒಂದು ಕಿಲೋಗಿಂತ ತುಸು ಹೆಚ್ಚು ನಷ್ಟವೆಂದು ತಿಳಿಯಬೇಕು. ಈ ಲೆಕ್ಕ ನೆನಪಿಡುವುದಕ್ಕೆ ಸುಲಭ.

ಎಕರೆಗೆ 25 ಕ್ವಿಂಟಾಲ್ ಅಂದಾಜಿದ್ದ ಒಂದು ಗದ್ದೆಯಲ್ಲಿ ನಾನು ಮಾಡಿಸಿದ ಎಣಿಕೆಯನ್ನು ಹೇಳುತ್ತೇನೆ. ಅಲ್ಲಿನ ಯಂತ್ರದ ಅಲಗಿನ ಅಗಲ 12 ಅಡಿ. ಹುಲ್ಲು ಹೊಟ್ಟು ಹಿಂದೆ ಬೀಳುತ್ತಿದ್ದ ಪಟ್ಟಿಯ ಅಗಲ 4 ಅಡಿ. ಕೆಲಸದ ನಡುವೆ ಯಂತ್ರವನ್ನು ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಸರಿಸಿ, ಎಂಜಿನನ್ನು ಆರಿಸಿದ ಮೇಲೆ ಮೂರು ಕಡೆ ಐದೈದು ಬಾರಿ ಚೌಕಟ್ಟಿಟ್ಟು ಸರಾಸರಿ ತೆಗೆದೆವು. ಇನ್ನೂ ಕೊಯ್ಯದ ಪೈರಿನ ಬುಡದಲ್ಲಿ 2 ಕಾಳು. ಅವು ತಾವಾಗಿ ಉದುರಿದುವು, ಯಂತ್ರದ ತಪ್ಪಲ್ಲ. ಕೊಯ್ದಿದ್ದರೂ ಹುಲ್ಲು ಬೀಳದಿದ್ದ ಜಾಗದಲ್ಲಿ 6 ಕಾಳು. ಎಂದರೆ ಅಲಗು ಮತ್ತು ರೀಲಿನಿಂದಾದ ನಷ್ಟ 4. ಹಿಂದಿನ ಹುಲ್ಲಿನ ಪಟ್ಟಿಯಲ್ಲಿ 141 ಕಾಳು! ಇದನ್ನು ಕಂಡು ಯಜಮಾನರು ಗಾಬರಿಗೊಂಡರು. ಆದರೆ 12 ಅಡಿಯ ಪೈರಿನ ಕಾಳು 4 ಅಡಿಯ ಪಟ್ಟಿಯಲ್ಲಿ ಬಿದ್ದಿರುವುದರಿಂದ, 6ನ್ನು ಕಳೆದು ಉಳಿದ 135ನ್ನು ಮೂರರಿಂದ ಭಾಗಿಸಬೇಕು. 45 ಬಂದಿತು. ಮುಂಭಾಗದ 4 ಸೇರಿ ಒಟ್ಟು 49. ಎಕರೆಗೆ ಸುಮಾರು 53 ಕಿಲೋ, ನೂರಕ್ಕೆ ಎರಡಕ್ಕಿಂತ ಹೆಚ್ಚು.

ತಪ್ಪು ಎಲ್ಲಿ? ಹಿಡಿಹಿಡಿಯಾಗಿ ಹುಲ್ಲನ್ನೆತ್ತಿ ನೋಡಿದರೆ ತೆನೆಯಲ್ಲಿ ಅಂಟಿದ ಕಾಳು ಕಾಣಲಿಲ್ಲ. ಉರುಳೆಯ ಕೆಲಸ ಸರಿಯಾಗಿತ್ತು. ಅದೇ ಹುಲ್ಲನ್ನು ಚಾದರದ ಮೇಲೆ ಕೊಡವಿದಾಗ ಬಿಡಿ ಕಾಳು ಸ್ವಲ್ಪ ಉದುರಿತು. ಆದರೆ ಹೊಟ್ಟಿನ ರಾಶಿಯನ್ನು ಕೆದಕಿದರೆ ತುಂಬಿದ ಗಟ್ಟಿ ಕಾಳೇ ಹೇರಳವಾಗಿತ್ತು. ಚಾಲಕನು ಬೆಳಿಗ್ಗೆ ಇಬ್ಬನಿಯಿಂದ ಹೊಟ್ಟು ತೂಕವಾಗಿದ್ದಾಗ ಗಾಳಿಯನ್ನು ಹೆಚ್ಚಿಸಿ, ಮಧ್ಯಾಹ್ನ ಒಣಗಿದ ಮೇಲೂ ಹಾಗೆಯೇ ಬಿಟ್ಟಿದ್ದನು. ಬೀಸಣಿಗೆಯ ಬಾಗಿಲನ್ನು ಕಿರಿದು ಮಾಡಿಸಿ ಮತ್ತೆ ಎಣಿಸಿದಾಗ ಹಿಂದಿನ ಪಟ್ಟಿಯಲ್ಲಿ 87 ಉಳಿಯಿತು. ಅನಂತರ ಮಾತ್ರ ಗೇರನ್ನು ಒಂದು ಮೆಟ್ಟಿಲು ಇಳಿಸಿ ನಡಿಗೆಯನ್ನು ನಿಧಾನ ಮಾಡಿಸಿದೆವು. ಹುಲ್ಲಿನ ಪದರವು ತೆಳುವಾಗಿ ಚೆನ್ನಾಗಿ ಕುಲುಕಿಸಿಕೊಂಡಿತು, ಎಣಿಕೆ 51ಕ್ಕೆ ಇಳಿಯಿತು. ಮೇಲಿನಂತೆಯೇ ಲೆಕ್ಕ ಹಾಕಿದರೆ ಒಟ್ಟು 19. ಎಕರೆಗೆ ಸುಮಾರು 21 ಕಿಲೋ. ಎರಡು ತಿದ್ದುಪಾಟುಗಳನ್ನು ಒಮ್ಮೆಗೇ ಮಾಡಿದ್ದರೆ ಯಾವುದರಿಂದ ಎಷ್ಟು ಲಾಭವಾಯಿತೆಂಬುದು ತಿಳಿಯುತ್ತಿರಲಿಲ್ಲ.

ವೇಗದ ವಿಷಯದಲ್ಲಿ ಇನ್ನೊಂದು ಮಾತು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಗೊತ್ತುಮಾಡಿದಾಗ ಅವಸರಪಡಿಸುವವರು ನಾವೇ. ಎಕರೆಯ ಲೆಕ್ಕದಲ್ಲಾದರೆ ಅವಸರ ಚಾಲಕನದು. ಎರಡರಲ್ಲಿಯೂ ಕಾಳು ನೆಲಕ್ಕೆ ಬೀಳುವುದು. ಗಂಟೆಯ ಬಾಡಿಗೆಯಲ್ಲಿ ನಿಧಾನಕ್ಕೆ ತಗಲುವ ಹೆಚ್ಚು ಹಣವನ್ನೂ ಉಳಿದ ಭತ್ತದ ಬೆಲೆಯನ್ನೂ ಹೋಲಿಸಿ ನೋಡಿಯೇ ಅಪ್ಪಣೆ ಕೊಡತಕ್ಕದ್ದು.

ತೊಟ್ಟಿಯಿಂದಿಳಿದ ಭತ್ತವು ಕಣದ ಭತ್ತದಂತೆ ಒಣಗಿರುವುದಿಲ್ಲ. ನೂರಕ್ಕೆ 21 ಭಾಗ ತೇವವಿರುವಾಗ ಕೊಯ್ದ 100 ಕಿಲೋ ಭತ್ತವು, ದಾಸ್ತಾನಿಗೆ ತಕ್ಕ 14 ಭಾಗಕ್ಕೆ ಒಣಗಿದಾಗ ಸುಮಾರು 92 ಕಿಲೋ ತೂಗುವುದು. ಹಸಿಯಾಗಿಯೇ ರಾಶಿ ಹಾಕಿ ಮುಚ್ಚಿಟ್ಟರೆ ಒಳಗೆ ಬಿಸಿಯೇರಿ ಕಾಳು ಬಣ್ಣಗೆಡುವುದು. ಆದಕಾರಣ ಹರಡುವುದಕ್ಕೆ ಜಾಗವನ್ನು ಯಂತ್ರ ಬರುವ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ದನಕರುಗಳುಳ್ಳವರು ಹುಲ್ಲಿನ ಆಲೋಚನೆಯನ್ನೂ ಮಾಡತಕ್ಕದ್ದು. ಯಂತ್ರದ ಹಿಂದೆ ಬೀಳುವ ಹುಲ್ಲು ಕತ್ತರಿಸಿ ಚೆಲ್ಲಾಪಿಲ್ಲಿಯಾಗಿರುವುದು, ಬಣವೆಗೆ ಕಂತೆ ಸಿಕ್ಕದು. ಅಲಗನ್ನು ಎತ್ತರದಲ್ಲಿ ಹಿಡಿದರೆ ಅರ್ಧ ಹುಲ್ಲು ಕೂಳೆಯಾಗಿ ಗದ್ದೆಯಲ್ಲಿಯೇ ನಿಲ್ಲುವುದು.

ಗದ್ದೆಯನ್ನು ಬಿತ್ತನೆಗೆಂದು ಬೆಳೆಸಿದ್ದರೆ, ಹಿಂದಿನ ಊರಿನ ಬೇರೆ ತಳಿಯ ಕಾಳು ಜರಡಿ, ಏಣಿ, ತೊಟ್ಟಿಗಳ ಮೂಲೆಗಳಲ್ಲಿ ಉಳಿದಿರುವುದೆಂಬುದನ್ನು ಮರೆಯಬಾರದು. ಯಂತ್ರವನ್ನು ಗದ್ದೆಗಿಳಿಸುವ ಮುಂಚೆ ಬರಿದಾಗಿ ಓಡಿಸಿ, ಗುಡಿಸಿ, ಮೊದಲ ತೊಟ್ಟಿಯ ಭತ್ತವನ್ನು ಊಟಕ್ಕೆ ಬೇರೆ ಇರಿಸಿಕೊಂಡು, ಆಮೇಲಿನದನ್ನು ಮಾತ್ರ ಬಿತ್ತನೆಯ ಚೀಲಕ್ಕೆ ತುಂಬತಕ್ಕದ್ದು.