ಹಿಂದಿರುಗಿ ಬಾರದ ಬೀಗದ ಕೈ

ಬಾಡಿಗೆಗೆ ಇದ್ದವರು ಮನೆ ತೆರವು ಮಾಡುವ ದಿನ ಬೀಗದ ಕೈಯನ್ನು ಯಜಮಾನರಿಗೆ ಒಪ್ಪಿಸಿ ಹೋಗುವುದು ವಾಡಿಕೆ. ಆದರೆ ಅವರು ಇದ್ದಷ್ಟು ಕಾಲ ಬಳಸಿದ ವೈಫೈ ಪಾಸ್‌ವರ್ಡನ್ನು ಹಾಗೆ ಒಪ್ಪಿಸಿ ಹೋಗಲು ಬಾರದು. ಅದು ಅವರ ಮೊಬೈಲುಗಳಲ್ಲಿ ಉಳಿದಿರುತ್ತದೆ. ಅವರು ಯಾರಿಗೆ ಹೇಳಿದ್ದರೋ ಅವರ ಮೊಬೈಲುಗಳಲ್ಲಿಯೂ ಉಳಿದಿರುತ್ತದೆ. ಮನೆಯ ವೈಫೈಗೆ ಸಾಮಾನ್ಯವಾಗಿ ಇರುವುದು ಎಲ್ಲರಿಗೂ ಸೇರಿದ ಒಂದೇ ಪಾಸ್‌ವರ್ಡ್. ಆದಕಾರಣ ಒಬ್ಬರನ್ನು ಹೊರಗಿಡಬೇಕಾದರೂ ಮನೆಯವರೆಲ್ಲರೂ ಒಮ್ಮೆ ಹೊರಗೆ ಬಂದು, ಹೊಸ ಪಾಸ್‌ವರ್ಡ್ ಹೇಳಿ ಒಳಗೆ ಹೋಗಬೇಕಾಗುತ್ತದೆ. ಪಾಸ್‌ವರ್ಡ್ ಬದಲಿಸುವುದು ಐದು ನಿಮಿಷದ ಕೆಲಸ. ಎಲ್ಲರನ್ನೂ ಮತ್ತೆ ಒಳಗೆ ಸೇರಿಸುವುದೇ ನಿಜವಾದ ಕೆಲಸ.

ಉದಾಹರಣೆಗೆ ಸೊರಬದ ಒಂದು ಹಳೆಯ ಮನೆಯನ್ನು ಊಹಿಸಿಕೊಳ್ಳಬಹುದು. ಕೆಳಗೆ ವೃದ್ಧ ದಂಪತಿಗಳು. ಮಹಡಿಯಲ್ಲಿದ್ದ ಬಾಡಿಗೆಯ ಹುಡುಗರು ಕಳೆದ ತಿಂಗಳು ಬಿಟ್ಟುಹೋಗಿದ್ದಾರೆ. ಮಗನಿಗೆ ಶಿಕಾರಿಪುರದಲ್ಲಿ ಉದ್ಯೋಗ. ತಂದೆತಾಯಿಗಳು ಕ್ಷೇಮವಾಗಿದ್ದಾರೆಯೇ ಎಂದು ಅವನು ದಿನಕ್ಕೆರಡು ಸಲ ನೋಡುವುದು ಬಾಗಿಲ ಬಳಿಯ ಕ್ಯಾಮೆರಾದ ಮೂಲಕ. ಆ ಕ್ಯಾಮೆರಾ ನಡೆಯುವುದೂ ಅದೇ ವೈಫೈಯಿಂದಲೇ. ಪಾಸ್‌ವರ್ಡ್ ಬದಲಾದೊಡನೆ ಆ ಕಣ್ಣು ಮುಚ್ಚಿಹೋಗುತ್ತದೆ. ಬದಲಾಯಿಸದೆ ಬಿಟ್ಟರೆ ಬೀದಿಯಲ್ಲಿ ನಿಂತ ಪರಕೀಯನೂ ಮನೆಯ ಸಂಪರ್ಕದೊಳಕ್ಕೆ ಬರಬಹುದು. ಸಂಪರ್ಕದ ಖಾತೆ ಯಜಮಾನರ ಹೆಸರಿನಲ್ಲಿರುವುದರಿಂದ, ಅದರ ಮೂಲಕ ಯಾರು ಏನು ಮಾಡಿದರೂ ವಿಚಾರಣೆ ಮೊದಲು ಬರುವುದು ಅವರ ಮನೆ ಬಾಗಿಲಿಗೆ.

ಮಗನು ಶಿಕಾರಿಪುರದಲ್ಲಿ ಕುಳಿತೇ ಈ ಕೆಲಸ ಮುಗಿಸೋಣವೆಂದರೆ ಆಗದು. ರೌಟರಿನ ವ್ಯವಸ್ಥಾಪುಟವು ಸಾಮಾನ್ಯವಾಗಿ ಆ ಮನೆಯ ಸಂಪರ್ಕದೊಳಗಿನಿಂದ ಮಾತ್ರ ತೆರೆಯುತ್ತದೆ, ಹಾಗಿರುವುದೇ ಕ್ಷೇಮ. ತಂದೆಗೆ ದೂರವಾಣಿಯಲ್ಲಿ ಹೇಳಿ ಮಾಡಿಸಬಹುದಾದರೂ, ಆ ಕರೆ ವೈಫೈ ಮೂಲಕ ಬಂದಿದ್ದರೆ ಪಾಸ್‌ವರ್ಡ್ ಬದಲಾದ ಕ್ಷಣವೇ ಮಾತು ಕಡಿದುಹೋಗುತ್ತದೆ. ಕ್ಯಾಮೆರಾದ ಕೆಲಸಕ್ಕೆ ಹೇಗೂ ಒಬ್ಬರು ಅದರ ಎದುರಿನಲ್ಲಿ ಇರಬೇಕು. ಆದುದರಿಂದ ಒಂದು ಭಾನುವಾರ ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಸೊರಬಕ್ಕೆ ಬರುವುದೇ ಮಗನಿಗೆ ಲೇಸು.

ಮೊದಲು ಒಂದು ಪಟ್ಟಿ

ಬಂದವನು ರೌಟರನ್ನು ಮುಟ್ಟುವುದಕ್ಕೆ ಮುಂಚೆ ಕಾಗದ, ಪೆನ್ನು ಹಿಡಿದು ವೈಫೈ ಬಳಸುವ ಸಾಧನಗಳನ್ನು ಬರೆದುಕೊಳ್ಳಬೇಕು. ಈ ಮನೆಯಲ್ಲಿ ತಂದೆಯ ಮೊಬೈಲು, ತಾಯಿಯ ಮೊಬೈಲು, ಟಿ.ವಿ., ನಡುಮನೆಯ ಕಂಪ್ಯೂಟರು, ಕ್ಯಾಮೆರಾ, ಮಗನ ಮೊಬೈಲು - ಒಟ್ಟು ಆರು. ಮುಂದೆ ಲೆಕ್ಕ ತಾಳೆ ನೋಡಲು ಈ ಪಟ್ಟಿಯೇ ಆಧಾರ.

ಹೊಸ ಪಾಸ್‌ವರ್ಡನ್ನೂ ಈಗಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅನೇಕ ಮನೆಗಳಲ್ಲಿ ಯಜಮಾನರ ಮೊಬೈಲ್ ಸಂಖ್ಯೆಯೇ ಪಾಸ್‌ವರ್ಡ್. ಅದರ ದೌರ್ಬಲ್ಯವನ್ನು ಲೆಕ್ಕ ಹಾಕಿ ನೋಡಬಹುದು. ನಮ್ಮ ದೇಶದ ಮೊಬೈಲ್ ಸಂಖ್ಯೆಗಳಿಗೆ 10 ಅಂಕಿ. ಮೊದಲನೆಯದು 6, 7, 8, 9ರಲ್ಲಿ ಒಂದು. ಹಾಗಾದರೆ ಆಗಬಹುದಾದ ಸಂಖ್ಯೆಗಳು 400 ಕೋಟಿ. ಕೇಳುವುದಕ್ಕೆ ದೊಡ್ಡ ಮೊತ್ತವೇ. ಆದರೆ ಒಂದು ಸಾಧನವು ರೌಟರಿಗೆ ಸೇರುವಾಗ ಗಾಳಿಯಲ್ಲಿ ಹೋಗುವ ಸಂಕೇತಗಳನ್ನು ಹಿಡಿದಿಟ್ಟುಕೊಂಡವನು, ತನ್ನ ಮನೆಗೆ ಹೋಗಿ ನಿಧಾನವಾಗಿ ಒಂದೊಂದೇ ಪಾಸ್‌ವರ್ಡನ್ನು ಹೊಂದಿಸಿ ನೋಡಬಲ್ಲ. ಬಲವಾದ ಕಂಪ್ಯೂಟರು ಕ್ಷಣಕ್ಕೆ 10 ಲಕ್ಷ ಪಾಸ್‌ವರ್ಡುಗಳನ್ನು ಪರೀಕ್ಷಿಸಿದರೆ, 400 ಕೋಟಿಗೆ ಬೇಕಾಗುವುದು 4,000 ಸೆಕೆಂಡು. ಒಂದು ಗಂಟೆಗಿಂತ ಕೊಂಚ ಹೆಚ್ಚು, ಅಷ್ಟೆ!

ಇದರ ಬದಲು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ. ಮಾದರಿಗೆ ಹೀಗೆ:

```
halasu-gaadi-eppattu-mole
```

ಇದರಲ್ಲಿ ನಡುವಿನ ಗೆರೆಗಳೂ ಸೇರಿ 25 ಅಕ್ಷರಗಳಿವೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಪದ್ಧತಿಯಲ್ಲಿ 8ಕ್ಕೆ ಕಡಿಮೆಯಾಗದೆ 63ಕ್ಕೆ ಮೀರದೆ ಇರಬೇಕು. ಅಚ್ಚಾದ ಮಾದರಿಯನ್ನು ಯಾರೂ ಬಳಸಬಾರದು. ಪ್ರತಿ ಮನೆಯವರೂ ತಮ್ಮದೇ ನಾಲ್ಕು ಪದಗಳನ್ನು ಆರಿಸಿಕೊಳ್ಳಬೇಕು.

ರೌಟರಿನ ಪುಟದೊಳಗೆ

ರೌಟರಿನ ಬೆನ್ನಿಗೋ ತಳಕ್ಕೋ ಅಂಟಿಸಿದ ಚೀಟಿಯಲ್ಲಿ ಅದರ ವಿಳಾಸ ಇರುತ್ತದೆ. ಸಾಮಾನ್ಯವಾಗಿ ಅದು `192.168.1.1` ಅಥವಾ `192.168.0.1`. ಚೀಟಿ ಅಳಿಸಿಹೋಗಿದ್ದರೆ, ವೈಫೈಗೆ ಸೇರಿರುವ ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ಹೀಗೆ ಬರೆಯಬೇಕು:

```
ipconfig
```

ಬರುವ ಉತ್ತರದಲ್ಲಿ Default Gateway ಎಂಬುದರ ಎದುರಿಗಿರುವ ಅಂಕಿಗಳೇ ರೌಟರಿನ ವಿಳಾಸ. ಅದನ್ನು ಬ್ರೌಸರಿನ ಮೇಲಿನ ವಿಳಾಸದ ಸಾಲಿನಲ್ಲಿ ಬರೆದರೆ ಪ್ರವೇಶದ ಪುಟ ತೆರೆಯುತ್ತದೆ.

ಇಲ್ಲಿ ಹಲವರು ತಬ್ಬಿಬ್ಬಾಗುತ್ತಾರೆ. ಈ ಪುಟ ಕೇಳುವುದು ವೈಫೈ ಪಾಸ್‌ವರ್ಡನ್ನಲ್ಲ. ರೌಟರಿನ ಆಡಳಿತದ ಪಾಸ್‌ವರ್ಡನ್ನು. ಇದೂ ಚೀಟಿಯ ಮೇಲೆ ಇರುವುದುಂಟು. ಇಲ್ಲವಾದರೆ ರೌಟರನ್ನು ಕೂಡಿಸಿಕೊಟ್ಟವರನ್ನು ಕೇಳಬೇಕು. ಒಳಗೆ ಹೋದ ಮೇಲೆ Wireless ಅಥವಾ WLAN, ಅದರೊಳಗೆ Security ಎಂಬ ಭಾಗ. ಅಲ್ಲಿ Password, Passphrase, Pre-Shared Key ಎಂಬುದರಲ್ಲಿ ಯಾವುದಾದರೊಂದು ಹೆಸರಿನ ಪೆಟ್ಟಿಗೆಯಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಬೇಕು. ಬರೆದದ್ದು ಚುಕ್ಕೆಗಳಾಗಿ ಕಂಡರೆ ಪಕ್ಕದ ಕಣ್ಣಿನ ಗುರುತನ್ನು ಒತ್ತಿ, ಕಾಗದದೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವುದು ಅವಶ್ಯ. ವೈಫೈಯ ಹೆಸರನ್ನು ಮಾತ್ರ ಬದಲಿಸುವ ಅಗತ್ಯವಿಲ್ಲ.

ಅನೇಕ ರೌಟರುಗಳು 2.4GHz ಮತ್ತು 5GHz ಎಂಬ ಎರಡು ವೈಫೈಗಳನ್ನು ಬಿತ್ತರಿಸುತ್ತವೆ. ಎರಡಕ್ಕೂ ಬೇರೆ ಬೇರೆ ಪುಟ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ ಮಹಡಿಯ ಹುಡುಗರ ಬೀಗದ ಕೈ ಅರ್ಧ ಉಳಿದಂತೆಯೇ.

ಬಳಿಕ Apply ಅಥವಾ Save ಒತ್ತಬೇಕು. ವೈಫೈ ಮೂಲಕವೇ ಪುಟ ತೆರೆದಿದ್ದವರಿಗೆ ಆ ಕ್ಷಣವೇ ಸಂಪರ್ಕ ತಪ್ಪುತ್ತದೆ. ಗಾಬರಿಗೆ ಕಾರಣವಿಲ್ಲ, ಹೊಸ ಪಾಸ್‌ವರ್ಡಿನಿಂದ ಮತ್ತೆ ಸೇರಿ, ಉಳಿದ ಇನ್ನೊಂದು ವೈಫೈಯನ್ನೂ ಬದಲಿಸಬಹುದು. ಕೆಲವು ಫೈಬರ್ ಪೆಟ್ಟಿಗೆಗಳಲ್ಲಿ ಇಷ್ಟು ಸಾಲದು. Commit/Reboot ಎಂಬುದನ್ನು ಬೇರೆಯಾಗಿ ಒತ್ತಬೇಕು. ಅದನ್ನು ಬಿಟ್ಟರೆ, ಮಲೆನಾಡಿನ ಮಳೆಯಲ್ಲಿ ಒಮ್ಮೆ ವಿದ್ಯುತ್ತು ಹೋಗಿ ಬಂದಾಗ ಹಳೆಯ ಪಾಸ್‌ವರ್ಡೇ ಮರಳಿ ಬಂದಿರುತ್ತದೆ. ನಿನ್ನೆ ಸೇರಿದ್ದ ಸಾಧನಗಳೆಲ್ಲ ಇಂದು ಒಮ್ಮೆಗೇ ಸೇರದಿದ್ದರೆ ಮೊದಲು ಶಂಕಿಸಬೇಕಾದುದು ಇದನ್ನೇ.

ಒಬ್ಬೊಬ್ಬರನ್ನೇ ಒಳಗೆ ಕರೆಯುವುದು

ಇನ್ನು ಪಟ್ಟಿಯ ಸರದಿ. ಮಗನು ಮೊದಲು ತನ್ನ ಮೊಬೈಲನ್ನು ಸೇರಿಸಿ ನೋಡುತ್ತಾನೆ. ಅದು ಸೇರಿದರೆ ರೌಟರಿನ ಕೆಲಸ ಸರಿಯಾಗಿದೆ ಎಂದರ್ಥ. ತಾಯಿಯ ಮೊಬೈಲು ಮಾತ್ರ ಮೊಂಡು ಹಿಡಿದು, ಹೊಸದನ್ನು ಕೇಳದೆ ಹಳೆಯ ಪಾಸ್‌ವರ್ಡಿನಿಂದಲೇ ಬಾಗಿಲು ತಟ್ಟುತ್ತಿರಬಹುದು. ಆಗ ವೈಫೈಯ ಪಟ್ಟಿಯಲ್ಲಿ ಆ ಹೆಸರನ್ನು ಒತ್ತಿ Forget ಎಂಬುದನ್ನು ಆರಿಸಿ, ಮತ್ತೆ ಹೊಸದಾಗಿ ಸೇರಿಸಬೇಕು. ಕಂಪ್ಯೂಟರು, ಟಿ.ವಿ.ಗಳಿಗೂ ಇದೇ ಉಪಾಯ.

ಇಲ್ಲಿ ದೋಷ ಎಲ್ಲಿದೆಯೆಂದು ತಿಳಿಯಲು ಒಂದು ಸರಳ ಸೂತ್ರವುಂಟು. ಒಂದೇ ಸಾಧನ ಸೇರದಿದ್ದರೆ ತಪ್ಪು ಆ ಸಾಧನದ ನೆನಪಿನಲ್ಲಿದೆ. ಒಂದೂ ಸೇರದಿದ್ದರೆ ತಪ್ಪು ರೌಟರಿನಲ್ಲಿ ಬರೆದ ಪಾಸ್‌ವರ್ಡಿನಲ್ಲಿಯೇ ಇದೆ. ಆಗಲೂ ದಾರಿ ಮುಚ್ಚಿಲ್ಲ. ರೌಟರಿನ LAN ಎಂಬ ರಂಧ್ರದಿಂದ ಕಂಪ್ಯೂಟರಿಗೆ ತಂತಿ ಎಳೆದರೆ ವೈಫೈ ಪಾಸ್‌ವರ್ಡ್ ಇಲ್ಲದೆಯೇ ಆ ಪುಟ ತೆರೆಯುತ್ತದೆ, ಬರೆದದ್ದನ್ನು ತಿದ್ದಿದರಾಯಿತು.

ಈ ಹೊತ್ತಿನಲ್ಲಿ ಸೂಜಿ ಹಿಡಿದು ಹಿಂಬದಿಯ Reset ರಂಧ್ರವನ್ನು ಒತ್ತುವ ಚಪಲ ಬರುವುದುಂಟು. "ಅಪ್ಪಾ, ಅದನ್ನು ಮಾತ್ರ ಒತ್ತಬೇಡಿ" ಎಂದು ಮಗನು ತಡೆಯುವುದಕ್ಕೆ ಕಾರಣವಿದೆ. ಸ್ವಿಚ್ಚು ಆರಿಸಿ ಹಾಕಿದರೆ ರೌಟರು ಏನನ್ನೂ ಮರೆಯದು. Reset ಅನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಎಲ್ಲವನ್ನೂ ಮರೆತುಬಿಡುತ್ತದೆ. ವೈಫೈ ಪಾಸ್‌ವರ್ಡ್ ಮಾತ್ರವಲ್ಲ, ಸೇವೆ ಕೊಟ್ಟವರು ತುಂಬಿಸಿದ ಖಾತೆಯ ವಿವರವೂ ಅಳಿಸಿಹೋಗಬಹುದು. ಆಮೇಲೆ ಅವರ ಕಡೆಯವರು ಬಂದು ತುಂಬುವ ತನಕ ಇಂಟರ್‌ನೆಟ್ಟೇ ಇಲ್ಲ.

ಪಟ್ಟಿಯ ಕೊನೆಯಲ್ಲಿ ಉಳಿದದ್ದು ಕ್ಯಾಮೆರಾ. ಅದಕ್ಕೆ ಪರದೆಯಿಲ್ಲ, ಅಕ್ಷರದ ಗುಂಡಿಗಳಿಲ್ಲ. ಅದರ ಮೇಲಿನ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಹಳೆಯದನ್ನು ಮರೆಯುತ್ತದೆ. ಬಳಿಕ ಮೊಬೈಲಿನಲ್ಲಿರುವ ಅದರ ಆ್ಯಪ್ ಹೊಸ ಪಾಸ್‌ವರ್ಡನ್ನು ಕೇಳುತ್ತದೆ. ಅನೇಕ ಕ್ಯಾಮೆರಾಗಳಿಗೆ ಮೊಬೈಲಿನ ಪರದೆಯ ಮೇಲೆ ಮೂಡುವ ಚೌಕಳಿಯ ಚಿತ್ರವನ್ನು ಎದುರಿಗೆ ಹಿಡಿದು ತೋರಿಸಬೇಕು. ಇಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4GHz ವೈಫೈಯನ್ನು ಮಾತ್ರ ಬಲ್ಲವು. ಪಾಸ್‌ವರ್ಡ್ ಸರಿಯಿದ್ದೂ ಸೇರದಿದ್ದರೆ, ಮೊಬೈಲು 5GHzಗೆ ಸೇರಿಕೊಂಡಿದೆಯೇ ಎಂದು ನೋಡಿ ಬದಲಾಯಿಸಿ ಪ್ರಯತ್ನಿಸಬೇಕು.

ಲೆಕ್ಕ ತಾಳೆಯಾಯಿತೇ?

ರೌಟರಿನ ಪುಟಕ್ಕೆ ಮತ್ತೊಮ್ಮೆ ಹೋದರೆ Connected Devices ಅಥವಾ DHCP Clients ಎಂಬಲ್ಲಿ ಸೇರಿದವರ ಪಟ್ಟಿ ಕಾಣುತ್ತದೆ. ಕಾಗದದಲ್ಲಿ ಆರು, ಇಲ್ಲಿಯೂ ಆರು ಇದ್ದರೆ ಲೆಕ್ಕ ಸರಿ. ಹಿಂದೆ ಸೇರಿದ್ದವರ ಹೆಸರು ಸ್ವಲ್ಪ ಕಾಲ ಅಲ್ಲಿಯೇ ಉಳಿದಿರುವುದೂ ಉಂಟು. ಆದುದರಿಂದ ರೌಟರನ್ನು ಒಮ್ಮೆ ಆರಿಸಿ ಹಾಕಿ ನೋಡುವುದು ಮೇಲು. ಬದಲಾವಣೆ ಉಳಿಯಿತೋ ಇಲ್ಲವೋ ಎಂಬುದೂ ಅದರಿಂದಲೇ ತಿಳಿಯುತ್ತದೆ.

ಬಂದ ಕೆಲಸದ ಜೊತೆಗೆ ಆಡಳಿತದ ಪಾಸ್‌ವರ್ಡನ್ನೂ ಬದಲಿಸಿ, ಅದನ್ನು ಬೇರೆಯೇ ಕಾಗದದಲ್ಲಿ ಬರೆದಿಡಬೇಕು. ಮಹಡಿಯ ಹುಡುಗರು ಆ ಚೀಟಿಯನ್ನು ಓದಿರಲಿಲ್ಲವೆಂದು ಹೇಳುವಂತಿಲ್ಲವಲ್ಲ! ಇನ್ನೊಂದು ಮಾತು: ರೌಟರಿನಲ್ಲಿ Guest Network ಎಂಬ ಸೌಕರ್ಯವಿದ್ದರೆ ಅದನ್ನು ತೆರೆದು, ಮುಂದೆ ಬರುವ ಬಾಡಿಗೆದಾರರಿಗೂ ನೆಂಟರಿಷ್ಟರಿಗೂ ಅದರ ಪಾಸ್‌ವರ್ಡನ್ನು ಮಾತ್ರ ಕೊಡಬಹುದು. ಅವರು ಮನೆ ಬಿಟ್ಟ ದಿನ ಆ ಒಂದನ್ನು ಬದಲಿಸಿದರೆ ಸಾಕು. ಕ್ಯಾಮೆರಾದ ಕಣ್ಣು ಮುಚ್ಚದು. ಮಗನು ಶಿಕಾರಿಪುರದಿಂದ ಬಸ್ಸು ಹತ್ತಬೇಕಾದುದೂ ಇಲ್ಲ.