ಒಂದೇ ಬಿಲ್, ಎರಡು ಲೆಕ್ಕ

ಒಂದು ಗುಂಪಿನ ಎರಡು ಕಂಪನಿಗಳು ಪರಸ್ಪರ ಮಾಲು ಮಾರಿದರೆ ಗುಂಪಿನ ದೃಷ್ಟಿಯಲ್ಲಿ ವ್ಯಾಪಾರವೇ ನಡೆದಿಲ್ಲ. 1901ರಲ್ಲಿ ಹಲವು ಉಕ್ಕಿನ ಕಂಪನಿಗಳು ಸೇರಿ ಹುಟ್ಟಿದ ಅಮೆರಿಕದ ಯು.ಎಸ್. ಸ್ಟೀಲ್, 1902ರ ವಾರ್ಷಿಕ ವರದಿಯಲ್ಲಿ ಇಡೀ ಗುಂಪಿನ ಕ್ರೋಡೀಕೃತ ಲೆಕ್ಕಪತ್ರವನ್ನು ಪ್ರಕಟಿಸಿತು. ಇಂಥ ಪತ್ರದಲ್ಲಿ ಒಳಗಿನ ಮಾರಾಟ, ಬಾಕಿ, ಲಾಭ ಎಲ್ಲವನ್ನೂ ತೆಗೆದುಹಾಕಬೇಕು. ಲೆಕ್ಕಿಗರು ಇದನ್ನು ಎಲಿಮಿನೇಷನ್ ಎನ್ನುತ್ತಾರೆ.

ತೆರಿಗೆಯವರ ಚಿಂತೆ ಬೇರೆ. ಬೆಲೆಯನ್ನು ಏರಿಳಿಸಿದರೆ ಲಾಭ ಒಂದು ಕಂಪನಿಯಿಂದ ಇನ್ನೊಂದಕ್ಕೆ ಸರಿಯುತ್ತದೆ. ಆದ್ದರಿಂದ ಸಂಬಂಧವಿಲ್ಲದ ಇಬ್ಬರ ನಡುವೆ ಕುದುರುವ ಬೆಲೆಯೇ ಇರಬೇಕೆಂಬ ಮಾನದಂಡ 1935ರಲ್ಲಿ ಅಮೆರಿಕದ ತೆರಿಗೆ ನಿಯಮಗಳಿಗೆ ಬಂತು. ಲೆಕ್ಕಪತ್ರ ಅಳಿಸುವ ವ್ಯವಹಾರವನ್ನೇ ತೆರಿಗೆ ಕಾನೂನು ನಿಜವೆಂದು ಹಿಡಿದು ಅಳೆಯುತ್ತದೆ.

ಭಾರತಕ್ಕೆ ಇವೆರಡೂ ಹೆಚ್ಚುಕಡಿಮೆ ಜೋಡಿಯಾಗಿಯೇ ಬಂದವು. ಕ್ರೋಡೀಕೃತ ಲೆಕ್ಕಪತ್ರದ ಮಾನಕ ಎಎಸ್ 21, ಏಪ್ರಿಲ್ 1, 2001ರಿಂದ ಶುರುವಾಗುವ ವರ್ಷಗಳಿಗೆ ಅನ್ವಯವಾಯಿತು. 2001ರ ಹಣಕಾಸು ಕಾಯ್ದೆ ತಂದ ಟ್ರಾನ್ಸ್‌ಫರ್ ಪ್ರೈಸಿಂಗ್ ನಿಯಮಗಳಿಗೂ 2001–02ರ ವ್ಯವಹಾರವೇ ಮೊದಲ ವರ್ಷ. ಅಂತರರಾಷ್ಟ್ರೀಯ ವ್ಯವಹಾರವಿದ್ದ ಕಂಪನಿ ಚಾರ್ಟರ್ಡ್ ಅಕೌಂಟೆಂಟ್ ಸಹಿಯ 3ಸಿಇಬಿ ವರದಿ ಕೊಡಬೇಕಾಯಿತು. ಗುಂಪಿನ ಲೆಕ್ಕಪತ್ರವನ್ನು ಹೆಚ್ಚಿನ ಕಂಪನಿಗಳಿಗೆ ಕಡ್ಡಾಯ ಮಾಡಿದ್ದು ಮಾತ್ರ 2013ರ ಕಂಪನಿ ಕಾಯ್ದೆ.

ಈ ಎರಡು ದೃಷ್ಟಿಗಳು ಮುಖಾಮುಖಿಯಾಗುವುದು ಮಾರ್ಚ್ 31ರಂದು. ಒಂದು ಕಲ್ಪಿತ ಉದಾಹರಣೆ ನೋಡಬಹುದು. ಬೆಂಗಳೂರಿನ ಮಾತೃಸಂಸ್ಥೆಯೊಂದು ಯಂತ್ರದ ಬಿಡಿಭಾಗ ತಯಾರಿಸಿ ಜರ್ಮನಿಯಲ್ಲಿರುವ ತನ್ನ ಅಂಗಸಂಸ್ಥೆಗೆ ಮಾರುತ್ತದೆ. ಮಾತೃಸಂಸ್ಥೆಯ ಪುಸ್ತಕದಲ್ಲಿ ಬರಬೇಕಾದದ್ದು 12 ಕೋಟಿ ರೂಪಾಯಿ. ಅಂಗಸಂಸ್ಥೆಯ ಪುಸ್ತಕದಲ್ಲಿ ಕೊಡಬೇಕಾದದ್ದು, ಯೂರೋವನ್ನು ರೂಪಾಯಿಗೆ ತಿರುಗಿಸಿದರೆ, 10.60 ಕೋಟಿ. ಎರಡನ್ನೂ ಎದುರುಬದುರು ಅಳಿಸಿದರೆ 1.40 ಕೋಟಿ ಉಳಿಯುತ್ತದೆ. ಎಲಿಮಿನೇಷನ್ ವ್ಯತ್ಯಾಸವೆಂದರೆ ಇದೇ.

ಎರಡೂ ಕಡೆ ವರ್ಷಾಂತ್ಯದ ಒಂದೇ ವಿನಿಮಯ ದರ ಬಳಸಿದ್ದಾರೆಯೇ ಎಂಬುದನ್ನು ಪರಿಶೋಧಕ ಮೊದಲು ನೋಡುತ್ತಾನೆ. ಇಲ್ಲಿ ದರ ಸರಿಯಾಗಿದೆ. ಬಿಲ್‌ಗಳನ್ನು ಒಂದೊಂದಾಗಿ ಜೋಡಿಸಿದಾಗ 90 ಲಕ್ಷದ ಒಂದು ಬಿಲ್ ಜರ್ಮನಿಯ ಕಡೆ ಕಾಣುವುದಿಲ್ಲ. ಮಾರ್ಚ್ 28ಕ್ಕೆ ಹಡಗಿಗೆ ಏರಿದ ಮಾಲು ಇನ್ನೂ ಸಮುದ್ರದಲ್ಲಿದೆ. ಒಪ್ಪಂದದ ಪ್ರಕಾರ ಹಡಗಿಗೆ ಏರಿದೊಡನೆ ಹೊಣೆ ಕೊಳ್ಳುವವರದ್ದು. ಆದ್ದರಿಂದ ಅಂಗಸಂಸ್ಥೆಯ ಲೆಕ್ಕದಲ್ಲಿ ಅಷ್ಟು ದಾಸ್ತಾನು, ಅಷ್ಟೇ ಬಾಕಿ ಸೇರಬೇಕು. ಕೆಲಸ ಅಲ್ಲಿಗೆ ಮುಗಿಯದು. ಆ ಮಾಲಿನ ತಯಾರಿಕಾ ವೆಚ್ಚ 72 ಲಕ್ಷವಾದರೆ, ಉಳಿದ 18 ಲಕ್ಷ ಹೊರಗಿನ ಗಿರಾಕಿ ಇನ್ನೂ ಕೊಡದ ಲಾಭ. ಗುಂಪಿನ ಲೆಕ್ಕದಿಂದ ಅದನ್ನೂ ತೆಗೆಯಬೇಕು.

ಮಿಕ್ಕ 50 ಲಕ್ಷದ ಕಥೆಯೇ ಹೆಚ್ಚು ಸ್ವಾರಸ್ಯದ್ದು. ಜರ್ಮನಿಯ ಲಾಭಾಂಶ ಟ್ರಾನ್ಸ್‌ಫರ್ ಪ್ರೈಸಿಂಗ್ ಅಧ್ಯಯನ ಹೇಳಿದ ಮಿತಿ ಮೀರಿದೆಯೆಂದು ಬೆಂಗಳೂರಿನ ತೆರಿಗೆ ವಿಭಾಗ ವರ್ಷದ ಕೊನೆಯಲ್ಲಿ ಪೂರಕ ಬಿಲ್ ಹಾಕಿದೆ. ಸುದ್ದಿ ತಲುಪುವ ಮೊದಲೇ ಅಂಗಸಂಸ್ಥೆ ಪುಸ್ತಕ ಮುಚ್ಚಿತ್ತು. ಪರಿಶೋಧಕ ಇಂಥ ಹೊಂದಾಣಿಕೆಗೆ ಮೊದಲೇ ಬರೆದ ಒಪ್ಪಂದವಿದೆಯೇ, ಲೆಕ್ಕ ಹಾಕಿದ ಹಾಳೆ ಆ ಒಪ್ಪಂದಕ್ಕೆ ಹೊಂದುತ್ತದೆಯೇ ಎಂದು ಕೇಳುತ್ತಾನೆ. ಒಪ್ಪಂದವಿದ್ದರೆ 50 ಲಕ್ಷ ಎರಡೂ ಕಡೆ ಬರಬೇಕು. ಆ ವರ್ಷದ ಮಾಲಿನಲ್ಲಿ ಕಾಲುಭಾಗ ಅಂಗಸಂಸ್ಥೆಯ ಗೋದಾಮಿನಲ್ಲೇ ಉಳಿದಿದ್ದರೆ ಪೂರಕ ಬಿಲ್‌ನ 12.5 ಲಕ್ಷ ದಾಸ್ತಾನಿನ ಬೆಲೆಗೆ ಅಂಟಿಕೊಳ್ಳುತ್ತದೆ. ಗುಂಪಿಗೆ ಅದೂ ಬಾರದ ಲಾಭವೇ. ಹಲವು ಕಡೆ ಇಷ್ಟು ದೂರ ಯಾರೂ ನೋಡುವುದಿಲ್ಲ.

ಅವಸರವಿದ್ದಲ್ಲಿ 1.40 ಕೋಟಿಯನ್ನು ‘ಇತರೆ ವೆಚ್ಚ’ಕ್ಕೋ ವಿದೇಶಿ ವಿನಿಮಯ ಮೀಸಲಿಗೋ ತಳ್ಳಿ ತಾಳೆ ಮಾಡಿಬಿಡುತ್ತಾರೆ. ನಿವ್ವಳ ಮೊತ್ತ ಸಣ್ಣದಾಗಿ ಕಂಡರೂ ಒಳಗೆ ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ಹೊಡೆದುಹಾಕಿರಬಹುದು. ಆದ್ದರಿಂದ ಪರಿಶೋಧಕ ನಿವ್ವಳಕ್ಕೆ ತೃಪ್ತನಾಗದೆ ಜೋಡಿ ಜೋಡಿಯಾಗಿ ಪಟ್ಟಿ ಕೇಳಬೇಕು. ಹಿಂದಿನ ವರ್ಷದ ವ್ಯತ್ಯಾಸ ಏಪ್ರಿಲ್, ಮೇ ತಿಂಗಳಲ್ಲಿ ತಾನಾಗಿ ಕರಗದೆ ಹಾಗೇ ಮುಂದುವರಿದಿದ್ದರೆ ಅದು ದಾರಿಯಲ್ಲಿದ್ದ ಮಾಲಿನದ್ದಲ್ಲ. ಎರಡೂ ಕಂಪನಿಗಳು ಬಾಕಿ ಒಪ್ಪಿ ಸಹಿ ಮಾಡಿದ ಪತ್ರಕ್ಕೂ ತೂಕ ಕಡಿಮೆ, ಏಕೆಂದರೆ ಇಬ್ಬರೂ ಒಂದೇ ಆಡಳಿತದ ಕೈಕೆಳಗಿನವರು. ಹಡಗಿನ ರವಾನೆ ರಸೀದಿ, ನಂತರ ಬ್ಯಾಂಕಿಗೆ ಬಂದ ಹಣ ಇವು ಹೆಚ್ಚು ನಂಬಿಕೆಗೆ ಅರ್ಹ.

ಹಣ ವರ್ಷಗಟ್ಟಲೆ ಬಾರದಿದ್ದರೆ ವಿಷಯ ಮತ್ತೆ ತೆರಿಗೆಗೆ ಮರಳುತ್ತದೆ. 2012ರ ಹಣಕಾಸು ಕಾಯ್ದೆ ವ್ಯಾಪಾರದ ಬಾಕಿಯನ್ನೂ ಅಂತರರಾಷ್ಟ್ರೀಯ ವ್ಯವಹಾರದ ವ್ಯಾಖ್ಯೆಗೆ ಸೇರಿಸಿತು. ಹಾಗಾಗಿ ತೆರಿಗೆ ಅಧಿಕಾರಿ ಗಡುವು ದಾಟಿದ ಬಾಕಿಯನ್ನು ಸಾಲವೆಂದು ಕಂಡು ಬಡ್ಡಿ ಸೇರಿಸಬಹುದು. ಕ್ರೋಡೀಕೃತ ಪತ್ರದಲ್ಲಿ ಅದೇ ಬಾಕಿ ಸೊನ್ನೆಯಾಗಿರುವುದರಿಂದ ಷೇರುದಾರರಿಗೆ ಅಲ್ಲಿ ಅದು ಕಾಣುವುದೇ ಇಲ್ಲ.