ನಾಲ್ಕಕ್ಕೆ ಸೊನ್ನೆ, ನಾಲ್ಕಕ್ಕೆ ಮೂರು

ಮೊದಲ ವರ್ಷದ ಭೌತಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಹುಡುಗ ಬರೆದದ್ದು ‘9 ಸೆಕೆಂಡ್’ ಎಂದಷ್ಟೇ. ನಾಲ್ಕಕ್ಕೆ ಸೊನ್ನೆ ಬಂತು.

45 ಮೀಟರ್ ಎತ್ತರದಿಂದ ಬಿಟ್ಟ ಕಲ್ಲು ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆ, g = 10 ಎಂದಿಟ್ಟುಕೊಳ್ಳಿ ಎಂಬುದು ಪ್ರಶ್ನೆ. ಪತ್ರಿಕೆ ತಿದ್ದಿದ ಬೋಧನಾ ಸಹಾಯಕಿ ಅವನಿಗೊಂದು ಪತ್ರ ಬರೆದರು: ‘h = ½gt² ಎಂಬ ಸೂತ್ರಕ್ಕೆ ಒಂದು ಅಂಕವಿತ್ತು. ಬೆಲೆ ಹಾಕಿ 45 = 5t² ಎಂದಿದ್ದರೆ ಇನ್ನೊಂದು, t² = 9ಕ್ಕೆ ಮತ್ತೊಂದು. ನೀನು ವರ್ಗಮೂಲ ತೆಗೆಯಲು ಮರೆತಿರಬೇಕು. ಉತ್ತರ 3 ಸೆಕೆಂಡ್. ಹೋಗಬೇಕಾದದ್ದು ಒಂದೇ ಅಂಕ. ಆದರೆ ಬರೀ 9 ನೋಡಿ, ಮರೆತೆಯೋ ಊಹಿಸಿದೆಯೋ ಎಂದು ನಾನು ಹೇಗೆ ತಿಳಿಯಲಿ?’

ಹಂತಗಳಿದ್ದರೆ ತಪ್ಪು ಅವನಿಗೇ ಸಿಕ್ಕುತ್ತಿತ್ತೇನೋ. 9 ಸೆಕೆಂಡನ್ನು ಅದೇ ಸೂತ್ರಕ್ಕೆ ಮರಳಿ ಹಾಕಿದರೆ ಕಲ್ಲು ಬೀಳುವ ದೂರ 405 ಮೀಟರ್. ಕಟ್ಟಡ ಇದ್ದದ್ದೇ 45.